ಎಂಟು ಮಣದ ಗುಂಡು

ಧಾನ್ಯದ ಮಂಡಿಗೆ ನೂರು ವರ್ಷ ತುಂಬಿದ ನೆಪದಲ್ಲಿ ಅದರ ಹಳೆಯ ನಡಾವಳಿಗಳನ್ನು ಪುಸ್ತಕವಾಗಿ ತರಬೇಕೆಂದು ಮಂಡಿಯವರು ಪತ್ರಾಗಾರಕ್ಕೆ ಕೇಳಿಕೊಂಡಿದ್ದರು. ಆಗಿನ ಕಚೇರಿ ಭಾಷೆಯನ್ನು ಈಗಿನವರಿಗೆ ಅರ್ಥವಾಗುವಂತೆ ತಿರುಗಿಸುವ ಕೆಲಸ ಅಲ್ಲಿನ ಅನುವಾದಕಿಯ ಪಾಲಿಗೆ ಬಂದಿತ್ತು. ಐವತ್ತು ದಾಟಿದ ಹೆಂಗಸು. ಪುಟಕ್ಕೆ ನಾಲ್ಕು ಟಿಪ್ಪಣಿ ಹಾಕದೆ ಸಮಾಧಾನವಿಲ್ಲದ ಆಕೆಗೆ ಕಚೇರಿಯಲ್ಲಿ ‘ಅಡಿಟಿಪ್ಪಣಿ ಅಕ್ಕ’ ಎಂದೇ ಹೆಸರು. ಅದನ್ನು ಕೇಳಿದರೆ ಆಕೆಗೆ ಒಳಗೊಳಗೇ ಖುಷಿ.

ಸಂಪಾದಕರಿಗೆ ಮಾತ್ರ ಟಿಪ್ಪಣಿ ಎಂದರೆ ತಲೆನೋವು. “ಕೊನೇಲಿ ಒಂದು ಕೋಷ್ಟಕ ಹಾಕಿಬಿಡಿ ಅಕ್ಕ. ಸೇರು ಅಂದ್ರೆ ಇಷ್ಟು, ಮಣ ಅಂದ್ರೆ ಇಷ್ಟು. ಓದೋರು ಗುಣಿಸ್ಕೊಳ್ತಾರೆ” ಎಂದಿದ್ದರು.

“ಯಾವ ಸೇರು ಸಾರ್? ಅಕ್ಕಿಯ ಸೇರು ಪಾತ್ರೆಯಲ್ಲಿ ಅಳೆಯೋದು, ಬೆಲ್ಲದ ಸೇರು ತಕ್ಕಡಿಯಲ್ಲಿ ತೂಗೋದು. ಹೆಸರೊಂದೇ, ಸಂಬಂಧ ಇಲ್ಲ.”

“ಒಂದಕ್ಕೊಂದು ಸೇರಿಗೆ ಸವಾಸೇರು ಅನ್ನಿ,” ಎಂದು ನಕ್ಕು ಸಂಪಾದಕರು ತಮ್ಮ ಕೋಣೆಗೆ ಹೋಗಿದ್ದರು. ಆದರೆ ಮರುವಾರವೇ ಅವರು ಮೆತ್ತಗಾಗುವಂತಾಯಿತು. ಮಂಡಿಯ ಜಾಗ ‘2-30’ ಎಂದು ನಡಾವಳಿಯಲ್ಲಿತ್ತು. ಬೆರಳಚ್ಚಿನವರು ಅದನ್ನು 2.30 ಎಕರೆ ಎಂದು ಹೊಡೆದಿದ್ದರು. ನಲವತ್ತು ಗುಂಟೆಗೆ ಒಂದು ಎಕರೆ. ಎರಡು ಎಕರೆ ಮೂವತ್ತು ಗುಂಟೆ ಎಂದರೆ ಎರಡೂಮುಕ್ಕಾಲು ಎಕರೆ. ಚುಕ್ಕಿ ಇಟ್ಟದ್ದೊಂದೇ ನೆಪ, ಹದಿನೆಂಟು ಗುಂಟೆ ಕಾಗದದಲ್ಲೇ ಕರಗಿಹೋಗಿತ್ತು. ಅಕ್ಕ ಅದನ್ನು ತಿದ್ದಿ, ಪಕ್ಕದಲ್ಲಿ ಹೆಕ್ಟೇರಿನ ಲೆಕ್ಕವನ್ನೂ ಬರೆದು ಕೊಟ್ಟರು. ಸಂಪಾದಕರು ಸುಮ್ಮನೆ ಸಹಿ ಹಾಕಿದರು.

ಒಂದು ಮಧ್ಯಾಹ್ನ ಮಂಡಿ ಬೀದಿಯ ದರ್ಜಿ ಪತ್ರಾಗಾರಕ್ಕೆ ಬಂದ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅವನ ತಾತ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು. ಆತ ಎಂಟು ಮಣದ ಗುಂಡುಕಲ್ಲನ್ನು ಹೆಗಲಿಗೇರಿಸಿಕೊಂಡು ಬಾಗಿಲಿನಿಂದ ಬಾವಿಯವರೆಗೆ ನಡೆದ ಸಂಗತಿ ನಡಾವಳಿಯಲ್ಲಿ ದಾಖಲಾಗಿತ್ತು. ಮಂಡಿಯ ಸಭೆಯವರು ಸಂತೋಷಪಟ್ಟು ಅವನಿಗೊಂದು ಶಾಲು ಹೊದಿಸಿದ್ದರು. ತಾತನ ಫೋಟೋ ಇದ್ದರೆ ಕೊಡಿ ಎಂದು ಅಕ್ಕ ಹೇಳಿ ಕಳಿಸಿದ್ದರು. ದರ್ಜಿ ಬಂದದ್ದು ಬರಿಗೈಯಲ್ಲಿ.

“ಅಮ್ಮಾ, ನಮ್ಮ ತಾತನ ವಿಷಯ ಪುಸ್ತಕದಿಂದ ತೆಗೆದುಬಿಡಿ.”

“ಯಾಕಪ್ಪಾ? ಹೆಮ್ಮೆಯ ವಿಷಯ ಅಲ್ವಾ?”

ದರ್ಜಿ ಕುರ್ಚಿಯ ತುದಿಯಲ್ಲಿ ಕೂತ. “ಶಾಲೇಲಿ ನಾನೂ ಹೆಮ್ಮೆಯಿಂದಲೇ ಹೇಳಿದ್ದೆ. ನಮ್ಮ ಮೇಷ್ಟ್ರು ಪಠ್ಯದ ಕೋಷ್ಟಕ ನೋಡಿ ಬೋರ್ಡಿನ ಮೇಲೆ ಲೆಕ್ಕ ಹಾಕಿದ್ರು. ಒಂದು ಮಣಕ್ಕೆ ಮೂವತ್ತೇಳು ಕಿಲೋ ಚಿಲ್ಲರೆ. ಎಂಟು ಮಣ ಇನ್ನೂರ ತೊಂಬತ್ತೆಂಟು! ‘ನಿಮ್ಮ ತಾತ ಮನುಷ್ಯನೋ ಆನೆಯೋ’ ಅಂದ್ರು. ಅವತ್ತಿಂದ ನಮ್ದು ಬುರುಡೆ ಮನೆ. ನನ್ನ ಮಗಳ ಮದುವೆ ಮಾತುಕತೇಲೂ ಒಬ್ಬರು ಅದನ್ನೇ ಅಂದು ನಕ್ಕರು. ಈಗ ಪುಸ್ತಕದಲ್ಲೂ ಬಂದ್ರೆ ಮುಗೀತು.”

ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. “ಮೇಷ್ಟ್ರ ಗುಣಾಕಾರ ಸರಿ. ಆದರೆ ಅದು ಎಂಬತ್ತು ತೊಲದ ಸೇರಿನ ಮಣ. ನಿಮ್ಮ ತಾತನ ಮಂಡೀಲಿ ಅದೇ ಇತ್ತು ಅಂತ ಯಾರು ಹೇಳಿದ್ರು? ನನಗೆ ಸ್ವಲ್ಪ ಟೈಮ್ ಕೊಡಿ. ಆಮೇಲೂ ತೆಗೀರಿ ಅಂದ್ರೆ ತೆಗೀತೀನಿ.”

ಆ ಊರಿನ ಮಣ ದೊಡ್ಡದಲ್ಲ ಎಂಬ ಅನುಮಾನ ಅವರಿಗೆ ಮೊದಲಿನಿಂದಲೂ ಇತ್ತು. ಒಬ್ಬ ಹಮಾಲಿ ಐದು ಮಣದ ಬೆಲ್ಲದ ಮೂಟೆಗಳನ್ನು ದಿನವಿಡೀ ಹೊರುತ್ತಿದ್ದ ಎಂದು ಒಂದೆಡೆ ಬರೆದಿತ್ತು. ದೊಡ್ಡ ಮಣವಾದರೆ ಒಂದೊಂದು ಮೂಟೆಯೂ ನೂರೆಂಬತ್ತು ಕಿಲೋ ದಾಟುತ್ತದೆ. ಯಾರ ಬೆನ್ನೂ ತಡೆಯದು. ಆದರೆ ಅನುಮಾನವನ್ನು ಟಿಪ್ಪಣಿಯಾಗಿ ಬರೆಯಲಾಗುವುದಿಲ್ಲ. ಕೆಲವು ದಿನ ಹುಡುಕಿದ ಮೇಲೆ ಕಳ್ಳತೂಕದ ದೂರೊಂದರ ವಿಚಾರಣೆ ಸಿಕ್ಕಿತು. ವ್ಯಾಪಾರಿಯ ತೂಕದ ಬಟ್ಟುಗಳನ್ನು ಪರೀಕ್ಷಿಸಿದ ಸಭೆ, ‘ಈ ಮಂಡಿಯಲ್ಲಿ ಸೇರಿಗೆ ಇಪ್ಪತ್ತನಾಲ್ಕು ರೂಪಾಯಿ ತೂಕ, ಮಣಕ್ಕೆ ನಲವತ್ತು ಸೇರು’ ಎಂದು ನಿಚ್ಚಳವಾಗಿ ಬರೆಸಿತ್ತು. ಬೆಳ್ಳಿ ರೂಪಾಯಿಯ ತೂಕ ಒಂದು ತೊಲ, ಎಂದರೆ ಹನ್ನೊಂದೂವರೆ ಗ್ರಾಮಿಗಿಂತ ತುಸು ಹೆಚ್ಚು. ಹಾಗಾದರೆ ಸೇರು ಇನ್ನೂರ ಎಂಬತ್ತು ಗ್ರಾಂ, ಮಣ ಹನ್ನೊಂದು ಕಿಲೋ ಇನ್ನೂರು ಗ್ರಾಂ. ಎಂಟು ಮಣಕ್ಕೆ ಹತ್ತಿರ ಹತ್ತಿರ ತೊಂಬತ್ತು ಕಿಲೋ.

ಅಕ್ಕ ಅದನ್ನು ಮೂರು ಸಲ ಕೂಡಿಸಿ ನೋಡಿ, ಪೆನ್ನು ಕೆಳಗಿಟ್ಟು, ಒಬ್ಬರೇ ನಕ್ಕರು.

“ಲೆಕ್ಕ ಸರಿ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಇದ್ದಿದ್ರೆ!” ಎಂದರು ಸಂಪಾದಕರು. ಈಗ ಅವರಿಗೂ ರುಚಿ ಹತ್ತಿತ್ತು.

“ಇದೆಯಲ್ಲ ಸಾರ್, ಗುಂಡುಕಲ್ಲು. ಮಂಡಿಯ ನಲ್ಲಿಯ ಪಕ್ಕ ಬಿದ್ದಿದೆ. ಅದರ ಮೇಲೆ ಕೂತು ಜನ ಟೀ ಕುಡೀತಾರೆ.”

ಮರುದಿನ ಬೆಳಿಗ್ಗೆ ದರ್ಜಿಗೂ ಲೆಕ್ಕ ತಿಳಿಸಿ ಕರೆಸಿಕೊಂಡು, ಮೂವರೂ ಮಂಡಿಯಲ್ಲಿ ಸೇರಿದರು. ಕಲ್ಲಿನ ಮೇಲೆ ಕೂತಿದ್ದವನನ್ನು ಎಬ್ಬಿಸಿ, ಇಬ್ಬರು ಹಮಾಲಿಗಳು ಅದನ್ನು ಉರುಳಿಸಿ ತಳ್ಳುಗಾಡಿಗೆ ಏರಿಸಿದರು. ಎದುರಿನ ಗುಜರಿ ಅಂಗಡಿಯಲ್ಲಿ ದೊಡ್ಡ ತೂಕದ ಯಂತ್ರವಿತ್ತು. ಗುಜರಿಯವನು ಹಿತ್ತಾಳೆಯ ಬಿಂದಿಗೆಗಳನ್ನು ಸರಿಸಿ ಜಾಗ ಮಾಡಿ, “ಕಲ್ಲಿಗೆ ರೇಟು ಇಲ್ಲ ಸ್ವಾಮಿ, ಮೊದಲೇ ಹೇಳಿದೀನಿ” ಎಂದ. ಕೆಂಪು ಅಂಕಿಗಳು ಅತ್ತಿತ್ತ ಹೊಯ್ದಾಡಿ ನಿಂತವು: ಎಂಬತ್ತೆಂಟು ಕಿಲೋ ಐನೂರು ಗ್ರಾಂ.

ದರ್ಜಿ ಅಂಕಿಯನ್ನೇ ನೋಡುತ್ತ ನಿಂತ. “ಒಂದು ಕಿಲೋ ಮೇಲೇ ಕಮ್ಮಿ ಬಂತಲ್ಲಮ್ಮಾ?”

“ಹಳೇ ತಕ್ಕಡಿ, ಸವೆದ ಕಲ್ಲು. ಇಷ್ಟು ಹತ್ತಿರ ಬಂದದ್ದೇ ಹೆಚ್ಚು. ನಿಮ್ಮ ತಾತ ಬುರುಡೆ ಬಿಟ್ಟಿಲ್ಲಪ್ಪಾ. ಮೇಷ್ಟ್ರು ಬೇರೆ ಮಣದಲ್ಲಿ ತೂಗಿದ್ರು, ಅಷ್ಟೇ.”

ದರ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ.

“ತೊಂಬತ್ತು ಕಿಲೋ ಅಂದ್ರೆ ಏನು ಮಹಾ,” ಎಂದು ಹಮಾಲಿಗಳ ಮೇಸ್ತ್ರಿ ಮುಂದೆ ಬಂದ. ಒಳ್ಳೆ ಕಟ್ಟುಮಸ್ತಾದ ಆಳು. “ಮೂಟೆ ಹೊರಲ್ವಾ ನಾವು?” ಆದರೆ ಮೂಟೆಗೆ ಹಿಡಿಯಲು ಮೂಲೆಯಿರುತ್ತದೆ, ಗುಂಡಿಗೆ ಇರುವುದಿಲ್ಲ. ಮೊಣಕಾಲವರೆಗೆ ಬಂದ ಕಲ್ಲು ಎದೆಗೆ ಬರುವಷ್ಟರಲ್ಲಿ ಅವನ ಕತ್ತಿನ ನರಗಳು ಹಗ್ಗವಾದವು. ನಾಲ್ಕು ಹೆಜ್ಜೆ ನಡೆದು, ಧೊಪ್ಪನೆ ಇಳಿಸಿ, ಉಸಿರು ತೆಗೆದುಕೊಂಡು, “ಹೆಗಲ ಮೇಲೆ, ಬಾವಿ ತನಕ? ಗಂಡಸು ಕಣಯ್ಯಾ ನಿಮ್ಮ ತಾತ!” ಎಂದ. ನೆರೆದಿದ್ದವರು ಹೋ ಎಂದರು. ದರ್ಜಿ ಮುಖ ಆಚೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ. ಆಮೇಲೆ ಅಲ್ಲಿದ್ದವರಿಗೆಲ್ಲ ಟೀ ಹೇಳಿದ.

ಫೋಟೋ ತೋರಿಸಲು ಅವನು ಅಕ್ಕನನ್ನು ಮನೆಗೆ ಕರೆದುಕೊಂಡು ಹೋದ. ಒಳಮನೆಯಲ್ಲಿ ಅವನ ಸೋದರತ್ತೆ, ಅಂದರೆ ಕಲ್ಲು ಹೊತ್ತ ಆ ತಾತನ ಮಗಳೇ, ಕಾಲು ಚಾಚಿ ಕೂತಿದ್ದಳು. ಹಣ್ಣು ಹಣ್ಣು ಮುದುಕಿ, ಕಿವಿ ಮಾತ್ರ ಚುರುಕು. ದರ್ಜಿ ಸಂಭ್ರಮದಿಂದ ಎಲ್ಲ ಹೇಳಿದ. ಮುದುಕಿ ಕೇಳಿಸಿಕೊಂಡು ಮೂತಿ ತಿರುವಿದಳು.

“ಮುನ್ನೂರು ಇದ್ದದ್ದನ್ನ ತೊಂಬತ್ತು ಮಾಡಿಕೊಂಡು ಬಂದು ಕುಣೀತಾನೆ ನೋಡು. ಏನಮ್ಮಾ, ನಮ್ಮಪ್ಪನ ಶಕ್ತೀನ ನೀನು ಕಾಗದದ ಮೇಲೆ ಇಳಿಸಿಬಿಟ್ಯಾ?”

“ಶಕ್ತಿ ಅಷ್ಟೇ ಇದೆ ಅತ್ತೆ. ಕಿಲೋ ಹೆಸರಲ್ಲಿ ಕರೆದೆ, ಅಷ್ಟೇ,” ಎಂದರು ಅಕ್ಕ.

“ಜನ ನಗ್ತಿದ್ರು ಅತ್ತೆ,” ಎಂದ ದರ್ಜಿ.

“ನಗಲಿ ಬಿಡೋ. ನಾನೇನು ಒಂದು ದಿನವಾದರೂ ನಾಚಿಕೊಂಡಿದ್ನಾ?” ಎಂದು ಮುದುಕಿ ಅಕ್ಕನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. “ಬರ್ಕೋ ತಾಯಿ, ನಿನ್ನ ತೊಂಬತ್ತೇ ಬರ್ಕೋ. ಅದರ ಜೊತೆಗೆ ನಾನೂ ಅವತ್ತು ಅವನ ಇನ್ನೊಂದು ಹೆಗಲ ಮೇಲೆ ಕೂತಿದ್ದೆ ಅಂತ ಬರಿ.”

ನಡಾವಳಿಯಲ್ಲಿ ಆ ಮಾತಿರಲಿಲ್ಲ. ಸಂಜೆ ಅಕ್ಕ ಟಿಪ್ಪಣಿ ಬರೆದರು: ‘ಇಲ್ಲಿನ ಮಣ ಇಪ್ಪತ್ತನಾಲ್ಕು ರೂಪಾಯಿ ತೂಕದ ನಲವತ್ತು ಸೇರು, ಸುಮಾರು 11.2 ಕಿಲೋ, ಎಂಟು ಮಣ ಸುಮಾರು 90 ಕಿಲೋ. ಕಲ್ಲಿನ ಇಂದಿನ ತೂಕ 88.5 ಕಿಲೋ. 37.3 ಕಿಲೋ ತೂಗುವ ದೊಡ್ಡ ಮಣ ಇದಲ್ಲ. ಅಂದು ಆತನ ಇನ್ನೊಂದು ಹೆಗಲ ಮೇಲೆ ತಾನಿದ್ದೆನೆಂದು ಮಗಳು ಹೇಳುತ್ತಾರೆ. ಅವರ ತೂಕ ದಾಖಲಾಗಿಲ್ಲ.’

ಸಂಪಾದಕರು ಕೊನೆಯ ಸಾಲಿನ ಮೇಲೆ ಪೆನ್ಸಿಲ್ ಇಟ್ಟು ಸ್ವಲ್ಪ ಹೊತ್ತು ಯೋಚಿಸಿದರು. ಹೊಡೆದುಹಾಕಲಿಲ್ಲ.