ಎರಡು ಅಕ್ಷರ, ನಾಲ್ಕು ಅಂಕಿ

ಕಿರಂಗೂರಿನ ಶಿವಲಿಂಗಯ್ಯನವರಿಗೆ ಮರೆವು ಶುರುವಾಗಿ ಒಂದು ವರ್ಷವಾಗಿತ್ತು. ಮೊದಮೊದಲು ಕನ್ನಡಕ, ಆಮೇಲೆ ಚಪ್ಪಲಿ. ಮೊನ್ನೆಯಂತೂ ಆಗಲೇ ಹಾಲು ಕರೆದಿದ್ದ ಹಸುವಿನ ಮುಂದೆ ಮತ್ತೆ ಚೆಂಬು ಹಿಡಿದು ಕೂತುಬಿಟ್ಟರು. ಮನೆಯಲ್ಲಿ ಯಾರೂ ನಗಲಿಲ್ಲ ಅಂದರೆ ಸುಳ್ಳಾಗುತ್ತದೆ, ನಕ್ಕರು. ನಕ್ಕಾದ ಮೇಲೆ ಸೊಸೆ ಉಮ ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡಳು.

ಆದರೆ ಒಂದು ವಿಷಯ ಮಾತ್ರ ಮಾವನ ತಲೆಯಲ್ಲಿ ಕಲ್ಲಲ್ಲಿ ಕೆತ್ತಿದಂತೆ ಕೂತಿತ್ತು. ಕಾವೇರಿ ಅಚ್ಚುಬೆಲ್ಲ ರೈತ ಉತ್ಪಾದಕರ ಕಂಪನಿ ಶುರುವಾದಾಗ ಮೊದಲು ಸೈನ್ ಹಾಕಿದ ಹತ್ತು ಜನ ರೈತರಲ್ಲಿ ತಾವೊಬ್ಬರು, ಅದೂ ಎರಡು ಸಾವಿರದ ಹದಿನಾಲ್ಕರಲ್ಲಿ. ಬಂದವರಿಗೆಲ್ಲ ಕಾಫಿ ಕೊಡುವ ಮುಂಚೆ ಈ ಕಥೆ ಕೊಡುತ್ತಿದ್ದರು. ಕೇಳಿ ಕೇಳಿ ಅತ್ತೆ ಗೌರಮ್ಮನವರಿಗೆ ಬಾಯಿಪಾಠವಾಗಿತ್ತು.

ಅಂಥದ್ದರಲ್ಲಿ ಕಂಪನಿಯ ಮ್ಯಾನೇಜರು ಕಿಶನ್ ವಾರ್ಷಿಕ ಸಭೆಯ ನೋಟಿಸು ಕೊಡಲು ಮನೆಗೆ ಬಂದ. ಒಳ್ಳೆಯ ಹುಡುಗ, ಬಾಯಿ ಸ್ವಲ್ಪ ಉದ್ದ. ಕಥೆ ಕೇಳಿ, "ಎಲ್ಲಿ ಹದಿನಾಲ್ಕು ತಾತ, ನಾನು ಸೇರಿದಾಗಲೇ ಪಾಂಡವಪುರದಲ್ಲಿ ಅಂಗಡಿ ತೆಗೆದದ್ದು. ಹದಿನೆಂಟರಲ್ಲಿ. ಅದಕ್ಕೆ ಮುಂಚೆ ಏನಿತ್ತು ನಮ್ಮ ಕಂಪನಿ?" ಅಂದುಬಿಟ್ಟ. ತಾನು ಬಂದ ದಿನದಿಂದಲೇ ಲೋಕ ಶುರು ಅಂದುಕೊಳ್ಳುವವರು ಎಲ್ಲ ಊರಲ್ಲೂ ಇರುತ್ತಾರೆ ಬಿಡಿ.

ಅವನು ಹೋದ ಮೇಲೆ ಮಾವ ಊಟಕ್ಕೆ ಕೂರಲಿಲ್ಲ.

"ಉಮ, ನಿಮ್ಮ ಆಡಿಟರ್ ಆಪೀಸ್ನಾಗೆ ಕಂಪ್ಯೂಟರ್ ಅದಲ್ಲ, ಅದ್ರಾಗೆ ನೋಡವ್ವ. ಅದ್ನಾಕೋ, ಅದ್ನೆಂಟೋ. ಅದೊಂದೂ ತೆಪ್ಪಾಗೋದ್ರೆ ನಾನು ಇನ್ಯಾವುದ್ನ ನಂಬ್ಲಿ?"

ಆ ಕೊನೆಯ ಮಾತು ಉಮಳ ಎದೆಗೆ ಚುಚ್ಚಿತು.

ಪಾಂಡವಪುರ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಆಡಿಟರ್ ಆಫೀಸಿನಲ್ಲಿ ಉಮ ಆರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಮರುದಿನ ಟೇಬಲ್ಲಿನ ಮೇಲೆ ರಿಟರ್ನ್ಸಿನ ಕಟ್ಟು ಗುಡ್ಡೆ ಬಿದ್ದಿತ್ತು, ಒಂದು ಕಡೆ ಫೋನು ಬಡಿದುಕೊಳ್ಳುತ್ತಿತ್ತು. ಅದರ ನಡುವೆಯೇ ಕಂಪನಿಗಳ ಸರ್ಕಾರಿ ವೆಬ್‌ಸೈಟು ತೆಗೆದು, ಇಂಗ್ಲಿಷಿನಲ್ಲಿ 'ಕಾವೇರಿ', 'ಬೆಲ್ಲ' ಅಂತ ಹೊಡೆದಳು. ಮೊದಲ ಸಾಲು ಬಂತು. ಹೆಸರಿನ ಪಕ್ಕದಲ್ಲೇ ಇಪ್ಪತ್ತೊಂದು ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ. ಕಣ್ಣು ನೇರವಾಗಿ ನಡುವಿನ ನಾಲ್ಕು ಅಂಕಿಗೆ ಹೋಯಿತು, ಕಂಪನಿ ಹುಟ್ಟಿದ ವರ್ಷ ಇರುವುದೇ ಅಲ್ಲಿ. 2018.

ಕಿಶನ್ ಹೇಳಿದ್ದೂ ಅದೇ. ಇನ್ನೇನು ನೋಡುವುದು? ಮಾವನಿಗೆ ಫೋನು ಮಾಡಿದಳು.

"ಹದಿನೆಂಟೇ ಮಾವ. ಹೋಗ್ಲಿ ಬುಡಿ, ಯಾರಿಗಾದ್ರೂ ಮರೆಯುತ್ತೆ."

ಆ ಕಡೆಯಿಂದ "ಔದಾ" ಅಂದರು, ಫೋನಿಟ್ಟರು.

ಸಂಜೆ ಐದೂವರೆಗೆ ಬಸ್ಸಿಳಿದು ಮನೆಗೆ ಬಂದರೆ ಮಾವ ಜಗಲಿಯ ಮೇಲೆ ಕೂತಿದ್ದರು. ಮುಂದೆ ಆಲೆಮನೆಯ ಕೀಗೊಂಚಲು. ನಲವತ್ತು ವರ್ಷ ಬೆಲ್ಲದ ಕೊಪ್ಪರಿಗೆ ಕಾದ ಮನುಷ್ಯ ಅದನ್ನು ಸೊಂಟದಿಂದ ಬಿಚ್ಚಿದ್ದನ್ನು ಉಮ ನೋಡಿಯೇ ಇರಲಿಲ್ಲ.

"ತಗೋ ಕಣವ್ವ, ಇನ್ಮೇಲೆ ನೀನೂ ತಿಮ್ಮೇಶನೂ ನೋಡ್ಕಳಿ. ಬಾನ್ವಾರ ಸಬೆಗೂ ನಾನು ಬರಾಕಿಲ್ಲ. ಇಲ್ಲದ್ದೆಲ್ಲಾ ಏಳ್ಕಂಡು ತಿರುಗ್ತಾವ್ನೆ ಮುದ್ಕ ಅಂತ ನಗಾಡ್ತಾರೆ."

ಒಳಗಿಂದ ಗೌರಮ್ಮ, "ನಿನ್ ಪೋನ್ ಬಂದಾಗ್ಲಿಂದ ಇಂಗೇ ಕುಂತವ್ರೆ, ನೀರೂ ಮುಟ್ಟಿಲ್ಲ" ಅಂದರು.

ಗಂಡ ತಿಮ್ಮೇಶ ಕಬ್ಬಿನ ಟ್ರಾಕ್ಟರು ಹೊಡೆದುಕೊಂಡು ಸಕ್ಕರೆ ಕಾರ್ಖಾನೆಗೆ ಹೋಗಿದ್ದ, ಸಮಾಧಾನದ ಮಾತಾಡಲು ಅವನೂ ಇಲ್ಲ. ಉಮ ಕೀಗೊಂಚಲು ಎತ್ತಿಕೊಂಡಳು. ಅದರ ಅಡಿಯಲ್ಲಿತ್ತು ಕಿಶನ್ ಕೊಟ್ಟ ನೋಟಿಸು. ಯಾರೋ ಅದರ ಮೇಲೆ ಕಡಲೇಕಾಯಿ ಸುಲಿದಿದ್ದರು. ಸಿಪ್ಪೆ ಕೊಡವಿದಳು. ಕಂಪನಿಯ ಹೆಸರಿನ ಕೆಳಗೆ, ಇರುವೆ ಸಾಲಿನಷ್ಟು ಸಣ್ಣಗೆ, ನೋಂದಣಿ ಸಂಖ್ಯೆ. ಕಂಪನಿಯ ಕಾಗದದ ಮೇಲೆ ಅದು ಇರಲೇಬೇಕೆಂದು ಕಾಯಿದೆ, ಆದರೂ ಯಾರ ಕಣ್ಣೂ ಅಲ್ಲಿಗೆ ಹೋಗುವುದಿಲ್ಲ.

ಉಮ ಬೆರಳಿಟ್ಟು ಓದಿದಳು. ಮೊದಲು 'ಯು', ಷೇರು ಪೇಟೆಗೆ ಹೋಗದ ಕಂಪನಿ. ಆಮೇಲೆ ಐದು ಅಂಕಿ, ಯಾವ ಕಸುಬು ಅನ್ನುವುದಕ್ಕೆ. ಆಮೇಲೆ 'ಕೆ ಎ'. ಅದರ ಬೆನ್ನಿಗೇ 2014.

ಮತ್ತೆ ಓದಿದಳು. 2014.

ಹಾಗಾದರೆ ಮಧ್ಯಾಹ್ನ ನೋಡಿದ್ದು? ಮೊಬೈಲಿನಲ್ಲಿ ಅದೇ ವೆಬ್‌ಸೈಟು ತೆಗೆದಳು. ಆ ಸಾಲಿನಲ್ಲಿ ವರ್ಷದ ಅಂಕಿಗಿಂತ ಮುಂಚೆ ಇದ್ದದ್ದು 'ಕೆ ಎ' ಅಲ್ಲ, 'ಟಿ ಎನ್'. ತಮಿಳುನಾಡು. ಹೆಸರು 'ಕಾವೇರಿ ಬೆಲ್ಲ', ನಡುವೆ 'ಅಚ್ಚು' ಅನ್ನುವುದೇ ಇಲ್ಲ. ಕಾವೇರಿ ಅಲ್ಲೂ ಹರಿಯುತ್ತಾಳೆ, ಅಲ್ಲೂ ಬೆಲ್ಲ ಮಾಡುತ್ತಾರೆ, ಅವರೂ ಒಂದು ಕಂಪನಿ ಕಟ್ಟಿಕೊಂಡಿದ್ದಾರೆ. ಯಾವ ರಾಜ್ಯ ಅಂತ ಹೇಳುವ ಎರಡು ಅಕ್ಷರ ನೋಡದೆ, ಯಾರದ್ದೋ ಹುಟ್ಟಿದ ವರ್ಷ ತಂದು ಮಾವನ ತಲೆಗೆ ಕಟ್ಟಿದ್ದಳು. ಆರು ವರ್ಷದ ಸರ್ವೀಸು ಬೇರೆ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಮಾವ, ನಂದು ತಪ್ಪು" ಅಂದಳು. "ನಾನು ಬೇರೆ ಕಂಪನಿ ನೋಡ್ಬುಟ್ಟೆ. ನಿಮ್ದು ಹದಿನಾಲ್ಕೇ. ನೋಡಿ ಇಲ್ಲಿ."

ಶಿವಲಿಂಗಯ್ಯ ಕನ್ನಡಕ ಹುಡುಕಿದರು, ತಲೆಯ ಮೇಲೇ ಇತ್ತು. ಅವಳ ಬೆರಳಿನ ಹಿಂದೆ ತಮ್ಮ ಬೆರಳು ಸರಿಸುತ್ತಾ ಹೋದರು.

"ಕೆ ಎ ಅಂದ್ರೆ?"

"ಕರ್ನಾಟಕ. ಕಂಪನಿ ಬೇರೆ ರಾಜ್ಯಕ್ಕೆ ಹೋದ್ರೆ ಇದು ಬದಲಾಗುತ್ತೆ. ವರ್ಷ ಮಾತ್ರ ಬದಲಾಗಲ್ಲ ಮಾವ. ಹುಟ್ಟಿದ್ದು ಹುಟ್ಟಿದ್ದೇ."

"ಅದ್ನಾಕು" ಅಂದರು ಮಾವ ಮೆಲ್ಲಗೆ. "ನಿನ್ ಕೂಸು ಚಿನ್ನು ಉಟ್ಟಿದ ವರ್ಸ. ಮಂಡ್ಯದಾಗೆ ಸೈನ್ ಆಕ್ಬುಟ್ಟು ಅಂಗೇ ಆಸ್ಪತ್ರೆಗೆ ಬಂದೆ. ಜೇಬೆಲ್ಲಾ ಇಂಕು."

ಉಮಳಿಗೆ ಥಟ್ಟನೆ ನೆನಪಾಯಿತು. ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಮಾವ, ಬಿಳಿ ಅಂಗಿಯ ಜೇಬಿನಲ್ಲಿ ನೀಲಿ ಕಲೆ, ಮಗುವಿಗೆ ಹತ್ತೀತೆಂದು ಎತ್ತಿಕೊಳ್ಳಲು ಹೆದರಿದ್ದು. ಹನ್ನೊಂದು ವರ್ಷ ಅದನ್ನು ಮರೆತಿದ್ದವಳು ಅವಳು. ಮರೆವಿನ ಕಾಯಿಲೆ ಅಂತ ಹೆಸರು ಮಾತ್ರ ಮಾವನಿಗೆ. ಅವಳು ಅಲ್ಲೇ ಜಗಲಿಯ ಮೇಲೆ ಕೂತು ಅತ್ತಳು, ಮಾವ ತಲೆ ಸವರಿದರು. ಕೀಗೊಂಚಲು ಚಾಚಿದರೆ ಮಾತ್ರ ತೆಗೆದುಕೊಳ್ಳಲಿಲ್ಲ.

"ಇರ್ಲಿ, ನಿನ್ತಾವೇ ಇರ್ಲಿ. ಇದೊಂದು ಸರಿ ಇತ್ತು ಅಂತ ಎಲ್ಲಾ ಸರಿ ಇದ್ದಾತಾ?"

ಭಾನುವಾರ ಸಭೆಗೆ ಮಾತ್ರ ಬಂದರು. ಉಮಳ ಬ್ಯಾಗಿನಲ್ಲಿ ಕೀಗೊಂಚಲು, ಮಾವನ ಜೇಬಿನಲ್ಲಿ ಮಡಚಿದ ನೋಟಿಸು. ಕಿಶನ್ ಮೈಕಿನಲ್ಲಿ, "ಶುರುವಿನಲ್ಲಿದ್ದ ಹಿರಿಯರು ಯಾರಾದರೂ ಎರಡು ಮಾತಾಡಿ" ಅಂದ. ಶಿವಲಿಂಗಯ್ಯ ಎದ್ದರು.

"ನಮ್ಮ ಕಂಪ್ನಿ ಉಟ್ಟಿದ್ದು..." ಅಂದವರು ನಿಂತುಬಿಟ್ಟರು. ವರ್ಷ ಕೈಜಾರಿತ್ತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಉಮ ಹೇಳಿಕೊಡಲು ಬಾಯಿ ತೆರೆದಳು, ಅಷ್ಟರಲ್ಲಿ ಮಾವನ ಕೈ ಜೇಬಿಗೆ ಹೋಯಿತು. ನೋಟಿಸು ಬಿಡಿಸಿ, ಅವಸರವಿಲ್ಲದೆ ಬೆರಳು ಸರಿಸಿದರು.

"ಮೊದ್ಲು ರಾಜ್ಯ ನೋಡ್ಬೇಕು. ಕೆ ಎ, ನಮ್ದೇಯ. ಆಮೇಲೆ ವರ್ಸ. ಎರಡು ಸಾವ್ರದ ಅದ್ನಾಕು. ನಿಮ್ಮೆಲ್ರ ಮನೇಲೂ ಈ ಕಾಗ್ದ ಅದೆ, ತೆಗ್ದು ನೋಡ್ಕಳಿ."

ಕಿಶನ್ ಕೈಯಲ್ಲಿದ್ದ ನೋಟಿಸು ನೋಡಿದ, ಮತ್ತೆ ನೋಡಿದ. ಕೆಳಗಿಳಿದು ಬಂದು ಮುದುಕರ ಕಾಲು ಮುಟ್ಟಿದ. ಹಾಗೆ ನೋಡಿದರೆ ಒಳ್ಳೆಯ ಹುಡುಗನೇ.

ವಾಪಸು ಬಸ್ಸಿನಲ್ಲಿ ಉಮ ಟಿಕೆಟ್ಟಿಗೆ ಆಧಾರ್ ಕಾರ್ಡು ತೆಗೆಯುವಾಗ ಬ್ಯಾಗಿನೊಳಗೆ ಕೀಗೊಂಚಲು ಝಣ್ ಅಂದಿತು. ಮಾವ ತಿರುಗಿ ನೋಡಿದರು.

"ಆಲೆಮನೆ ಕೀ ನಿನ್ತಾವ್ ಯಾಕವ್ವ ಅದೆ?"

ಉಮ ಅವರ ಮುಖ ನೋಡಿದಳು. ಆ ಫೋನು, ಆ ಸಂಜೆ, ಕೀ ಬಿಚ್ಚಿಟ್ಟದ್ದು, ಯಾವುದೂ ಅಲ್ಲಿರಲಿಲ್ಲ.

"ಜಗಲಿ ಮೇಲೆ ಬಿಟ್ಟು ಬಂದಿದ್ರಿ ಮಾವ. ತಗೊಳ್ಳಿ."

"ನೋಡ್ದಾ ನನ್ ಮರೆವ" ಅಂದು ನಕ್ಕು, ಶಿವಲಿಂಗಯ್ಯ ಕೀಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.