ನಿಲ್ಸನ್ನರಿಗೆ ಬರೆದ ಎರಡನೆಯ ಕರೆಯೋಲೆ

ಸಾವಿರದ ಒಂಬೈನೂರ ಮೂವತ್ತೇಳರ ನವೆಂಬರ್ ಹನ್ನೊಂದನೆಯ ತಾರೀಕು ಚಿಕ್ಕಮಗಳೂರಿನ ಮಲೆಸೀಮೆ ಕಾಫಿ ಕಂಪನಿಗೆ ವಿಮಾನದ ಟಪಾಲಿನಲ್ಲಿ ನೀಲಿ ಲಕೋಟೆಯೊಂದು ಬಂತು. ಕಂಪನಿಯ ಲೆಕ್ಕಪತ್ರ ಬರೆಯುವ ರೈಟರ್ ಷಡಕ್ಷರಿ ಅದನ್ನು ಒಡೆದು ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

ನಾರ್ವೆ ದೇಶದ ಬರ್ಗೆನ್ ಪಟ್ಟಣದಲ್ಲಿ ಕಾಫಿ ತರಿಸಿ ಮಾರುವ ನಿಲ್ಸನ್ ಎಂಬವರಿಗೂ ಷಡಕ್ಷರಿಗೂ ಏಳು ವರ್ಷದ ಸ್ನೇಹ. ಸ್ನೇಹವೆಂದರೆ ಬರೀ ಶಾಯಿಯದು. ಮುಖ ಕಂಡದ್ದಿಲ್ಲ, ದನಿ ಕೇಳಿದ್ದಿಲ್ಲ. ಕಂಪನಿಯ ಪತ್ರಗಳ ಕೊನೆಗೆ ಒಂದು ಸಾಲು ಇವನು ಇಲ್ಲಿಯ ಮಳೆಯ ಬಗ್ಗೆ ಬರೆದರೆ, ಅವರು ಒಂದು ಸಾಲು ಅಲ್ಲಿಯ ಮಳೆಯ ಬಗ್ಗೆ ಬರೆಯುತ್ತಿದ್ದರು. ಬರ್ಗೆನ್ನಿನಲ್ಲೂ ಮಳೆ ಹಿಡಿದರೆ ಬಿಡದಂತೆ. ಅಷ್ಟರಿಂದಲೇ ಇಬ್ಬರಿಗೂ ಒಬ್ಬರು ಇನ್ನೊಬ್ಬರ ನೆರೆಮನೆಯವರು ಅನ್ನಿಸಿಬಿಟ್ಟಿತ್ತು. ಈ ಸಲ ಅವರು ತಾವೇ ಬಂದು, ಹಣ್ಣು ಕೊಯ್ಯುವುದರಿಂದ ಹಿಡಿದು ಮೂಟೆ ಹೊಲಿಯುವವರೆಗೆ ಎಲ್ಲ ನೋಡಿ, ಮುಂದಿನ ಖರೀದಿಯ ಮಾತು ಮುಗಿಸುತ್ತೇನೆಂದಿದ್ದರು. ಅಂದಿನಿಂದ ಷಡಕ್ಷರಿ ಪೂಜೆಗೆ ಕೂತಾಗಲೂ ಅವನ ತುಟಿಯ ಮೇಲೊಂದು ನಗೆ ಇರುತ್ತಿತ್ತು.

ಈಗ ನೋಡಿದರೆ ಅದಕ್ಕೇ ಕುತ್ತು.

ಕಂಪನಿಯ ಯಜಮಾನರು ಲಿಂಗಪ್ಪನವರು. ಒಣಕಣದಲ್ಲಿ ನಿಂತು, ಹರಡಿದ ಪಾರ್ಚ್‌ಮೆಂಟನ್ನು, ಅಂದರೆ ಸಿಪ್ಪೆ ಬಿಡಿಸಿ ತೊಳೆದ ಹೊಟ್ಟು ಸಹಿತದ ಬೀಜವನ್ನು, ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಷಡಕ್ಷರಿ ಕಾಗದ ಹಿಡಿದು ಬಂದದ್ದು ಕಂಡು, "ಎಂತ ಮಾರಾಯ, ಹಡಗು ಹತ್ತಿದ್ರಂತಾ?" ಎಂದರು.

"ಹತ್ತಕ್ಕೆ ಬಿಡ್ತಿಲ್ಲ ಯಜಮಾನ್ರೆ. ಅಲ್ಲಿಯ ಬ್ರಿಟಿಷ್ ಕಾನ್ಸಲರು ವೀಸಾ ಕೊಟ್ಟಿಲ್ಲ. ನಮ್ಮ ಪತ್ರ ಸಾಲದಂತೆ."

"ಸಾಲದಾ? ಎರಡು ಪುಟ ಬರೆಸಿದ್ನಲ್ಲೋ!"

ಎರಡು ಪುಟ ನಿಜ. ಲಿಂಗಪ್ಪನವರು ಎದೆತುಂಬಿ ಹೇಳಿದ್ದನ್ನು ಷಡಕ್ಷರಿ ಅಕ್ಷರಕ್ಕಕ್ಷರ ಇಂಗ್ಲಿಷಿಗೆ ಇಳಿಸಿದ್ದ. ನಮ್ಮ ಮನೆ ನಿಮ್ಮದೇ ಎಂದು ತಿಳಿಯಿರಿ. ಮನೆಮಂದಿಯನ್ನೆಲ್ಲ ಕರೆತನ್ನಿ. ನಿಮಗೆ ಎಷ್ಟು ದಿನ ಮನಸ್ಸಿಗೆ ಬರುತ್ತದೋ ಅಷ್ಟು ದಿನ ಇರಿ. ಕಾನ್ಸಲರು ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಪ್ರಶ್ನೆ ಗೀಚಿ ಹಿಂದಿರುಗಿಸಿದ್ದರು. ಬರುವುದು ಯಾವ ಕೆಲಸಕ್ಕೆ? ಯಾವ ದಿನ ಎಲ್ಲಿರುತ್ತಾರೆ? ದೇಶ ಬಿಟ್ಟು ಹೋಗುವುದು ಯಾವಾಗ?

"ಡಿಸೆಂಬರ್ ನಾಲ್ಕಕ್ಕೆ ಅವರು ಬರ್ಗೆನ್ ಬಿಡಬೇಕು. ಹತ್ತಕ್ಕೆ ಮಾರ್ಸೇಲ್ಸಿನಲ್ಲಿ ಹಡಗು. ಇವತ್ತು ಮೂರೂವರೆ ಬಸ್ಸಿಗೆ ಹಾಕಿದ್ರೆ ಕಡೂರು, ಅಲ್ಲಿಂದ ರೈಲು, ಕರಾಚಿಯಿಂದ ವಿಮಾನ. ಇಪ್ಪತ್ತೈದರ ಹೊತ್ತಿಗೆ ಮುಟ್ಟಬಹುದು. ಇವತ್ತು ತಪ್ಪಿದ್ರೆ ಈ ವರ್ಷ ಅವರು ಬರಲ್ಲ," ಎಂದ ಷಡಕ್ಷರಿ. ಕೊನೆಯ ಮಾತಿಗೆ ಅವನ ದನಿ ಕುಸಿಯಿತು.

ಗಂಟೆ ಒಂದಾಗಿತ್ತು. ಇಬ್ಬರೂ ಆಫೀಸಿಗೆ ಬಂದು ಕೂತರು. ಮೊದಲೆರಡು ಪ್ರಶ್ನೆ ಸಲೀಸಾಗಿ ಮುಗಿದವು. ಮೂರನೆಯದಕ್ಕೆ ಲಿಂಗಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು.

"ಅದೊಂದು ಆಗಲ್ಲ. ಬಾ ಅಂತ ಕರೆದು, ಅದೇ ಕಾಗದದಲ್ಲಿ ಇಂಥ ದಿನ ಹೋಗು ಅಂತ ಬರೀಲಾ? ನಮ್ಮಪ್ಪ ಬಂದವರನ್ನ ಯಾವಾಗ ಹೊರಡ್ತೀರಿ ಅಂತ ಒಂದು ದಿನವೂ ಕೇಳಿದವರಲ್ಲ. ಕೈ ಮುರಿದ್ರೂ ನಾನು ಅದಕ್ಕೆ ಸಹಿ ಹಾಕಲ್ಲ."

"ನಾವು ಕೇಳೋದಲ್ಲ ಯಜಮಾನ್ರೆ, ಸರ್ಕಾರ ಕೇಳೋದು."

"ಸರ್ಕಾರ ಊಟಕ್ಕೆ ಹಾಕ್ತದಾ?"

ಎರಡು ಗಂಟೆ ಹೊಡೆಯಿತು. ಷಡಕ್ಷರಿ ಮನಸ್ಸಿನಲ್ಲೇ ಶಿವನನ್ನು ನೆನೆದ. ಯಜಮಾನರಿಗೆ ತಿಳಿಯದಂತೆ ತಾರೀಕು ಸೇರಿಸುವುದು ಕಷ್ಟವಲ್ಲ, ಅವರಿಗೆ ಇಂಗ್ಲಿಷ್ ಬಾರದು. ಆದರೆ ಹದಿನಾಲ್ಕು ವರ್ಷದಲ್ಲಿ ಅವರು ಓದದೆ ಸಹಿ ಹಾಕಿದ್ದು ಇವನು ಓದಿ ಹೇಳುತ್ತಾನೆಂಬ ನಂಬಿಕೆಯ ಮೇಲೆ. ಆ ಆಲೋಚನೆ ಬಂದಷ್ಟೇ ಬೇಗ ಅದನ್ನು ನೂಕಿಹಾಕಿದ.

ಆಫೀಸಿನ ಹಿಂದೆಯೇ ಯಜಮಾನರ ಮನೆ. ಗಂಡ ಊಟಕ್ಕೆ ಬಾರದ್ದು ಕಂಡು ಮುದ್ದಮ್ಮನವರು ಬಾಗಿಲಿಗೆ ಬಂದರು. ಸಂಗತಿ ಕೇಳಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಅಲ್ಲಾ, ನಮ್ಮ ತಮ್ಮ ಕಳಸದಿಂದ ಬಂದಾಗ ಯಾವಾಗ ಹೋಗ್ತೀಯ ಅಂತ ನಾವೂ ಕೇಳಲ್ಲ. ಆದ್ರೆ ಗಾಡಿ ಕಟ್ಟಿಸಲ್ವಾ? ಬುತ್ತಿ ಕಟ್ಟಲ್ವಾ? ಊರಬಾಗಿಲ ತನಕ ನೀವು ನಡೆದುಹೋಗಿ ಕಳಿಸಿ ಬರಲ್ವಾ? ಅದೇನು ಅವನನ್ನ ಅಟ್ಟಿದ ಹಾಗಾ?"

"ಅದು ಬೀಳ್ಕೊಡೋದು. ಅದು ಮರ್ಯಾದೆ," ಎಂದರು ಲಿಂಗಪ್ಪನವರು.

"ಮತ್ತೆ ಅದನ್ನೇ ಬರೀರಿ. ಮಂಗಳೂರಿಗೆ ಹೋಗಿ ಹಡಗು ಹತ್ತಿಸೋರು ಯಾರು? ನೀವು. ಒಬ್ಬರೇ ಹೋದ್ರೆ ಚಂದವಲ್ಲ, ಜೊತೆಗೆ ನಾನು. ಮದುವೆಯಾಗಿ ಮೂವತ್ತು ವರ್ಷ ಆಯ್ತು, ಸಮುದ್ರ ಹೇಗಿರ್ತದೆ ಅಂತ ನೋಡಿಲ್ಲ."

ಲಿಂಗಪ್ಪನವರು ಹೆಂಡತಿಯನ್ನು ನೋಡಿದರು, ಷಡಕ್ಷರಿಯನ್ನು ನೋಡಿದರು. ಮೀಸೆಯಡಿ ನಗು ಹೊರಟಿತು. "ಸಮುದ್ರ ನೋಡಕ್ಕೆ ಪಾಪ ನಾರ್ವೆಯವರನ್ನ ಹಿಡ್ಕೊಂಡ್ಯಲ್ಲೇ! ಬರೀ ಮಾರಾಯ, ಬರೀ. ಜನವರಿ ಹದಿನೆಂಟು, ಮಂಗಳೂರು ಬಂದರು, ನಾವು ಮನೆಮಂದಿ ಹೋಗಿ ಹಡಗು ಹತ್ತಿಸಿ ಬರ್ತೀವಿ."

ಷಡಕ್ಷರಿಯ ಬೆರಳು ಟೈಪ್‌ರೈಟರಿನ ಮೇಲೆ ಕುಣಿದವು. ಕಂಪನಿಯ ಹೆಸರು ಅಚ್ಚಾದ ಹಾಳೆ. ಬರ್ಗೆನ್ನಿನ ಬ್ರಿಟಿಷ್ ಕಾನ್ಸಲರಿಗೆ ಎಂಬ ಒಕ್ಕಣೆ. ನಿಲ್ಸನ್ನರ ಪೂರ್ತಿ ಹೆಸರು, ಪಾಸ್‌ಪೋರ್ಟಿನ ನಂಬರು. ಏಳು ವರ್ಷದಿಂದ ನಮ್ಮ ಕಾಫಿಯ ಖರೀದಿದಾರರು. ಬರುವ ಉದ್ದೇಶ ಬೆಳೆ ಮತ್ತು ಸಂಸ್ಕರಣೆ ನೋಡುವುದು, ಮಾದರಿಗಳ ರುಚಿ ನೋಡುವುದು, ಮುಂದಿನ ಖರೀದಿಯ ಕರಾರು ಮಾಡಿಕೊಳ್ಳುವುದು. ಇಲ್ಲಿ ನೌಕರಿಗಾಗಲಿ ನೆಲೆಸುವುದಕ್ಕಾಗಲಿ ಅಲ್ಲ. ಡಿಸೆಂಬರ್ ಇಪ್ಪತ್ತೈದರ ಸುಮಾರಿಗೆ ಮುಂಬಯಿ, ಇಪ್ಪತ್ತೆಂಟಕ್ಕೆ ಕಡೂರು ಸ್ಟೇಷನ್, ಜನವರಿ ಮೂರರವರೆಗೆ ಚಿಕ್ಕಮಗಳೂರು, ಐದರವರೆಗೆ ಅತ್ತಿಗುಂಡಿ, ಆರಕ್ಕೆ ವಸ್ತಾರೆ, ಅಲ್ಲಿಂದ ಹತ್ತರವರೆಗೆ ಮೂಡಿಗೆರೆ, ಹದಿನಾರರವರೆಗೆ ಕಳಸ. ಹದಿನೆಂಟಕ್ಕೆ ಮಂಗಳೂರಿನಲ್ಲಿ ನಾವು ಮನೆಮಂದಿ ಹತ್ತಿಸುವ ಕರಾವಳಿಯ ಹಡಗಿನಲ್ಲಿ ಮುಂಬಯಿ, ಇಪ್ಪತ್ತೆರಡಕ್ಕೆ ಅಲ್ಲಿಂದ ಯುರೋಪಿನ ಹಡಗು. ವಸತಿ, ಊಟ, ಒಳನಾಡಿನ ಪ್ರಯಾಣ ಕಂಪನಿಯದು. ಹಡಗಿನ ಹೋಗಿಬರುವ ಟಿಕೆಟ್ ಅವರದು.

ವಾಕ್ಯ ವಾಕ್ಯವನ್ನೂ ಕನ್ನಡದಲ್ಲಿ ಓದಿ ಹೇಳಿದ. ಲಿಂಗಪ್ಪನವರು ತಲೆದೂಗುತ್ತ ಕೇಳಿ, ಸಹಿ ಹಾಕಿ, ಮೊಹರು ಒತ್ತಿದರು. ಒಂದು ಪ್ರತಿ ಕಾನ್ಸಲರಿಗೆ, ಒಂದು ನಿಲ್ಸನ್ನರಿಗೆ, ಒಂದು ಫೈಲಿಗೆ. ಷಡಕ್ಷರಿ ಪಂಚೆ ಎತ್ತಿಕಟ್ಟಿ ಅಂಚೆ ಕಚೇರಿಗೆ ಓಡಿದ. ಒಣಕಣದ ಹೆಂಗಸರು ರೈಟರ್ ಓಡುವುದನ್ನು ಅದೇ ಮೊದಲು ನೋಡಿದ್ದು. "ಅಯ್ಯೋ ಸ್ವಾಮಿ, ಹುಲಿ ಗಿಲಿ ಬಂತಾ?" ಎಂದು ಸಿದ್ದಮ್ಮ ಕೂಗಿದಳು.

ಅಂಚೆಯ ಚೀಲಕ್ಕೆ ಇನ್ನೇನು ಅರಗು ಹಾಕುವುದರಲ್ಲಿದ್ದರು. ಎರಡೂ ಲಕೋಟೆ ಒಳಗೆ ಬಿದ್ದವು.

ನವೆಂಬರ್ ಇಪ್ಪತ್ತೇಳಕ್ಕೆ ತಂತಿ ಬಂತು: ವೀಸಾ ಸಿಕ್ಕಿತು, ಹೊರಡುತ್ತಿದ್ದೇನೆ. ಷಡಕ್ಷರಿ ಒಣಕಣದ ನಡುವೆ ನಿಂತು ಅದನ್ನು ಎಲ್ಲರಿಗೂ ಕೇಳುವಂತೆ ಓದಿದ. ಮೆಲುದನಿಯ ಮನುಷ್ಯ, ಅಂದು ಅವನ ದನಿ ರಸ್ತೆಯವರೆಗೂ ಹೋಯಿತು.

ಕಡೂರು ಸ್ಟೇಷನ್ನಿನಲ್ಲಿ ಇಳಿದವರು ಎತ್ತರದ, ಬಿಳಿಗೂದಲಿನ ಮನುಷ್ಯ. ಹಾರ ಹಿಡಿದ ಲಿಂಗಪ್ಪನವರಿಗೆ ಕೈ ಮುಗಿದರು. ಆಮೇಲೆ ಪಕ್ಕದಲ್ಲಿ ನಿಂತವನನ್ನು ಒಂದು ಗಳಿಗೆ ನೋಡಿ, "ಷಡಕ್ಷರಿ," ಎಂದರು, ಒತ್ತು ಎಲ್ಲೆಲ್ಲೋ ಹಾಕಿ. ಷಡಕ್ಷರಿ ಒಂದು ಹೆಜ್ಜೆ ಮುಂದೆ ಬಂದ. ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡ.

"ಕಾನ್ಸಲರು ಎಂತ ಅಂದ್ರಂತೆ, ಕೇಳು," ಎಂದು ಲಿಂಗಪ್ಪನವರು ತಿವಿದರು. ಷಡಕ್ಷರಿ ಕೇಳಿದ. ನಿಲ್ಸನ್ನರು ಹೇಳಿದ್ದನ್ನು ಕೇಳಿ ನಗು ತಡೆಯಲಾರದೆ ಯಜಮಾನರಿಗೆ ತಿಳಿಸಿದ:

"ಇಡೀ ಸಂಸಾರವೇ ಬಂದು ಹಡಗು ಹತ್ತಿಸ್ತೀವಿ ಅಂತ ಬರೆದಿದ್ದಾರೆ, ಇನ್ನು ಈ ಮನುಷ್ಯ ಅಲ್ಲೇ ಉಳಿಯೋಕೆ ದಾರಿಯೇ ಇಲ್ಲ ಅಂತ ಮೊಹರು ಒತ್ತಿದ್ರಂತೆ."

"ನೋಡಿದ್ಯಾ! ಅದನ್ನ ಮನೆಯಲ್ಲಿ ಹೇಳ್ಬೇಡ ಮಾರಾಯ," ಎಂದು ಲಿಂಗಪ್ಪನವರು ನಿಲ್ಸನ್ನರಿಗೆ ಹಾರ ಹಾಕಿದರು, "ಕಂಪನಿಯ ಕಾಗದವೆಲ್ಲ ಇನ್ನು ನಾನೇ ಬರೆಸ್ತೀನಿ ಅಂತ ಕೂತುಬಿಡ್ತಾಳೆ."