ಪ್ರಿಂಟರಿನಲ್ಲಿ ಉಳಿದ ಒಪ್ಪಿಗೆ ಪತ್ರ

ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಉತ್ತರ ತಲುಪಬೇಕಿತ್ತು. ಈಗ ಮೂರೂವರೆ. ವಿನೋದಿನಿ ಪತ್ರವನ್ನು ಆರನೇ ಸಲ ಓದಿ, ಪ್ರಿಂಟ್ ಕೊಟ್ಟು ಕೂತಳು. ಪ್ರಿಂಟರ್ ಒಮ್ಮೆ ಗುರ್ ಎಂದು ನಿಂತಿತು. ಕೆಂಪು ದೀಪ ಮಿನುಗತೊಡಗಿತು. ಕಾಗದ ಮುಗಿದಿತ್ತು.

ಕಾಗದದ ಕಟ್ಟು ಇದ್ದದ್ದು ಮಾಮನ ಬೀರುವಿನಲ್ಲಿ. ಬೀರುವಿನ ಕೀ ಮಾಮನ ಜೇಬಿನಲ್ಲಿ. ಮಾಮ ಊಟಕ್ಕೆ ಹೋಗಿದ್ದ. ಅಷ್ಟರಲ್ಲಿ ಬಾಗಿಲ ಹೊರಗೆ ಅವನ ಗಾಡಿಯ ಸದ್ದು ಕೇಳಿತು. ಅವಳು ಗಾಬರಿಯಿಂದ ಫೈಲ್ ಮುಚ್ಚಿ, ಡೆಲಿವರಿ ಚಲನ್ ತೆರೆದು ಟೈಪ್ ಮಾಡುವವಳಂತೆ ಬೆರಳಾಡಿಸಿದಳು.

ತಮಿಳು ಸೀಮೆಯ ಪಲ್ಲಡಂ ರಸ್ತೆಯ ಆ ಪುಟ್ಟ ಕಂಪನಿಯಲ್ಲಿ ಅಂಗಿಗಳಿಗೆ ಕಾಜಾ ಹೊಡೆದು ಬಟನ್ ಹಾಕಿಕೊಡುತ್ತಿದ್ದರು. ಹದಿನಾಲ್ಕು ಮಿಷನ್ನು, ಇಪ್ಪತ್ತು ಜನ. ಒಡೆಯ ಕುಪ್ಪಸಾಮಿಯೇ ಈ ಮಾಮ, ವಿನೋದಿನಿಯ ಅಮ್ಮ ವಿಜಯಕುಮಾರಿಯ ದೊಡ್ಡಪ್ಪನ ಮಗ. ಆರು ವರ್ಷದ ಹಿಂದೆ, ಪ್ಲಸ್ ಟೂ ಮುಗಿಸಿದ ಹುಡುಗಿ ಮನೆಯಲ್ಲಿ ಯಾಕೆ ಕೂರಬೇಕು ಎಂದು ತಾನೇ ಬಂದು ಕರೆದುಕೊಂಡು ಹೋಗಿದ್ದ. ನೆಂಟರ ಹುಡುಗಿಗೆ ಕೆಲಸದ ಆರ್ಡರ್ ಕಾಗದ ಯಾರು ಕೊಡುತ್ತಾರೆ? ಕೊಡಲಿಲ್ಲ. ಇವಳೂ ಕೇಳಲಿಲ್ಲ. ಶನಿವಾರ ಶನಿವಾರ ಕವರಿನಲ್ಲಿ ಕೂಲಿ. ಸಂಜೆ ಕಾಲೇಜಿಗೆ ಹೋಗುತ್ತೇನೆಂದಾಗ ಮೂರು ವರ್ಷ ದಿನವೂ ಅರ್ಧ ಗಂಟೆ ಮುಂಚೆ ಬಿಟ್ಟಿದ್ದ. ಬಿ.ಕಾಂ. ಆದದ್ದು ಆ ಅರ್ಧ ಗಂಟೆಯಿಂದ. ಅದನ್ನು ಅವಳು ಮರೆತಿರಲಿಲ್ಲ.

ಈಗ ಪೆರಿಯನಾಯಕನಪಾಳ್ಯಂನ ಒಂದು ಎಕ್ಸ್‌ಪೋರ್ಟ್ ಕಂಪನಿ ಅವಳಿಗೆ ಕೆಲಸ ಕೊಟ್ಟಿತ್ತು. ಡಾಕ್ಯುಮೆಂಟೇಶನ್ ಅಸಿಸ್ಟೆಂಟ್. ಪಿ.ಎಫ್. ಇದೆ, ಹಾಸ್ಟೆಲ್ ಇದೆ. ಜೂನ್ ಇಪ್ಪತ್ತೊಂಬತ್ತು ಸೋಮವಾರ ಸೇರಬೇಕು. ಆಗದಿದ್ದರೆ ಬರೆದು ಕೇಳಿಕೊಂಡು ಜುಲೈ ಇಪ್ಪತ್ತಕ್ಕೆ, ಮುಂದಿನ ತಂಡದೊಂದಿಗೆ, ಸೇರಬಹುದು ಎಂದಿತ್ತು ಆಫರ್ ಪತ್ರ. ಆದರೆ ಇಪ್ಪತ್ತು, ಆಷಾಢದಂತೆ ಹೊಸದೇನನ್ನೂ ಶುರುಮಾಡದ ಆಡಿ ತಿಂಗಳಲ್ಲಿ ಬೀಳುತ್ತದೆ. "ಆಡೀಲಿ ಹೊಸ ಪೊರಕೇನೂ ಮನೆಗೆ ತರಲ್ಲ, ಹೊಸ ಕೆಲಸಕ್ಕೆ ಹೋಗ್ತಾಳಂತೆ!" ಎಂದುಬಿಟ್ಟಿದ್ದಳು ಅಮ್ಮ. ಅಲ್ಲಿಗೆ ಇಪ್ಪತ್ತೊಂಬತ್ತೇ ಗಟ್ಟಿಯಾಯಿತು. ಮಾಮನಿಗೆ ಉಳಿದದ್ದು ಒಂಬತ್ತೇ ದಿನ. ಮಾಮನಿಗೆ ಅದಿನ್ನೂ ಗೊತ್ತಿಲ್ಲ.

ನಾಲ್ಕು ದಿನದಿಂದ ಬೆಳಿಗ್ಗೆ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುವುದು, ಮಾಮನ ಮುಖ ಕಂಡೊಡನೆ ನುಂಗುವುದು, ಇದೇ ಆಗಿತ್ತು. ಹೊಸ ಕಂಪನಿ ಕೇಳಿದ ದಾಖಲೆಗಳಲ್ಲಿ ಮುಖ್ಯವಾದದ್ದು ಈಗಿನ ಕೆಲಸದ ರಿಲೀವಿಂಗ್ ಲೆಟರ್. ಅದನ್ನು ಕೊಡಬೇಕಾದವನು ಮಾಮ. ಸಿಟ್ಟಾಗಿ ಕೊಡುವುದಿಲ್ಲ ಎಂದರೆ? ಆರು ವರ್ಷ ಅವಳು ಇಲ್ಲಿ ಕೂತಿದ್ದಳೆಂಬುದಕ್ಕೆ ಲೋಕದಲ್ಲಿ ಒಂದು ಚೂರು ಸಾಕ್ಷಿಯಿಲ್ಲ. ಆ ಕೆಲಸವೂ ಹೋಗುತ್ತದೆ, ಈ ಕೆಲಸವೂ ಹೋಗುತ್ತದೆ.

"ವಿನೋ, ಕಣ್ಣು, ಚಲನ್ ಆಯ್ತಾ? ಮಾಲು ಒಯ್ಯೋ ವಂಡಿ ಬಂದು ನಿಂತದೆ," ಎಂದು ಎಂದಿನ ಮುದ್ದಿನಲ್ಲಿ ಕರೆಯುತ್ತ ಕುಪ್ಪಸಾಮಿ ಒಳಗೆ ಬಂದ.

"ಕಾಗದ ಇಲ್ಲ, ಮಾಮ."

"ಅಷ್ಟು ತಾನೆ." ಅವನು ಬೀರು ತೆರೆದು, ಕಟ್ಟೊಡೆದು, ಒಂದು ಹಿಡಿ ಕಾಗದ ಪ್ರಿಂಟರಿಗೆ ತುರುಕಿದ.

ಆಗ ನೆನಪಾಯಿತು ಅವಳಿಗೆ. ಫೈಲ್ ಮುಚ್ಚಿದ್ದಳು, ಪ್ರಿಂಟ್ ನಿಲ್ಲಿಸಿರಲಿಲ್ಲ.

ಏಳುವಷ್ಟರಲ್ಲಿ ಪ್ರಿಂಟರ್ ಕೂಗತೊಡಗಿತ್ತು. ಕಾಗದ ಸಾಲು ಸಾಲಾಗಿ ಹೊರಬಂದು ಮಾಮನ ಕೈಯಲ್ಲೇ ಬಿತ್ತು. ಕುಪ್ಪಸಾಮಿ ಅದನ್ನು ದೂರ ಹಿಡಿದು ನೋಡಿದ. ತಮಿಳಾದರೆ ಪೇಪರನ್ನು ಕೊನೆಯ ಪುಟದವರೆಗೆ ಓದುವವನು. ಇಂಗ್ಲಿಷಿನಲ್ಲಿ ಹೆಸರು, ತಾರೀಖು ಮಾತ್ರ. ಅವನಿಗೆ ಬರುವ ಇಂಗ್ಲಿಷ್ ಕಾಗದಗಳನ್ನೆಲ್ಲ ಆರು ವರ್ಷದಿಂದ ಓದಿ ಹೇಳುತ್ತಿದ್ದವಳು ಇವಳೇ.

"ಇದು ಚಲನ್ ಅಲ್ಲ. ನಿನ್ ಹೆಸರಿದೆ. ಜೂನ್ ಇಪ್ಪತ್ತೊಂಬತ್ತು ಅಂತಿದೆ. ಏನಿದು?" ಕಾಗದವನ್ನು ಅವಳ ಮುಂದಿಟ್ಟ. "ಓದಿ ಹೇಳು."

ಕಾಲೇಜಿನದು ಎನ್ನಬಹುದಿತ್ತು. ಸರ್ಟಿಫಿಕೇಟಿಗೆ ಅರ್ಜಿ ಎಂದರೆ ನಂಬುತ್ತಿದ್ದ. ಅವಳು ಏನು ಓದಿದರೂ ನಂಬುವವನು ಅವನು. ಇಂಥವನಿಗೆ ಸುಳ್ಳು ಓದಿದರೆ ಈವರೆಗೆ ಓದಿದ್ದೆಲ್ಲವೂ ಸುಳ್ಳಾದಂತೆ.

"ಮಾಮ... ಕೂತ್ಕೊಳ್ಳಿ."

"ಕೂತಿದ್ದೀನಿ, ಓದು."

ಹಾಗೆಂದರೂ ಅವನು ನಿಂತೇ ಇದ್ದ. ಅವಳು ಓದತೊಡಗಿದಳು.

"ಎಚ್.ಆರ್. ಮ್ಯಾನೇಜರ್ ಅವರಿಗೆ. ವಿಷಯ, ಡಾಕ್ಯುಮೆಂಟೇಶನ್ ಅಸಿಸ್ಟೆಂಟ್ ಕೆಲಸ ಒಪ್ಪಿಕೊಂಡಿದ್ದು. ನೀವು ಹದಿನಾರನೇ ತಾರೀಖು ಕಳಿಸಿದ ಆಫರ್ ಲೆಟರಿಗೆ ಥ್ಯಾಂಕ್ಸ್. ಆ ಕೆಲಸಾನ ನಾನು ಒಪ್ಪಿಕೊಂಡಿದ್ದೀನಿ. ಜೂನ್ ಇಪ್ಪತ್ತೊಂಬತ್ತು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ ಬಂದು ಸೇರ್ತೀನಿ."

ಹೊರಗೆ ಕಾಜಾ ಮಿಷನ್ನುಗಳು ಟಕಟಕ ಹೊಡೆಯುತ್ತಿದ್ದವು.

"ಮುಂದೆ?"

"ಲೆಟರಿನಲ್ಲಿರೋ ಕಂಡೀಶನ್ ಎಲ್ಲಾ ಓದಿ ಅರ್ಥ ಮಾಡ್ಕೊಂಡಿದ್ದೀನಿ. ಆರು ತಿಂಗಳು ಪ್ರೊಬೇಶನ್. ಆಗ ಬಿಡೋದಾದ್ರೆ ಹದಿನೈದು ದಿನ ಮುಂಚೆ ಬರೆದು ಹೇಳ್ಬೇಕು. ಪರ್ಮನೆಂಟ್ ಆದ್ಮೇಲೆ ಮೂವತ್ತು ದಿನ."

"ಅವರಿಗೆ ಹದಿನೈದು ದಿನ," ಎಂದ ಕುಪ್ಪಸಾಮಿ ಮೆಲ್ಲಗೆ. "ನನಗೆ ಎಷ್ಟು ದಿನ, ಕಣ್ಣು?"

ಅಕ್ಷರಗಳು ಕದಡಿ ಹೋದವು. ಕಣ್ಣೊರೆಸಿಕೊಂಡು ಮುಂದಿನ ಸಾಲು ಹುಡುಕಿದಳು.

"ಆಫರ್ ಲೆಟರಿನ ಇನ್ನೊಂದು ಕಾಪಿಗೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೀನಿ. ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ಮಾರ್ಕ್ ಶೀಟ್, ಇವುಗಳ ಕಾಪಿ ಇವೆ. ಇನ್ನೂ ಕೊಡಬೇಕಾಗಿರೋದು... ಡಿಗ್ರಿ ಸರ್ಟಿಫಿಕೇಟ್, ಯೂನಿವರ್ಸಿಟಿಯಿಂದ ಬಂದ ಕೂಡಲೇ. ಡಾಕ್ಟರ್ ಸರ್ಟಿಫಿಕೇಟ್, ಸೇರೋ ದಿನ. ಮತ್ತೆ..."

"ಮತ್ತೆ?"

"ಈಗಿನ ಕಂಪನಿಯ ರಿಲೀವಿಂಗ್ ಲೆಟರ್, ಸೇರೋ ದಿನ. ನನ್ನ ಕಂಪನಿಯಲ್ಲಿ ವಾರದ ಕೂಲಿ, ಪೇ ಸ್ಲಿಪ್ ಕೊಡಲ್ಲ. ಅದಕ್ಕೆ ಬದಲು ಸರ್ವಿಸ್ ಸರ್ಟಿಫಿಕೇಟ್ ಒಪ್ಪಿಕೊಳ್ಳಬೇಕು ಅಂತ ಕೇಳ್ಕೊಂಡಿದ್ದೀನಿ. ಇಷ್ಟೇ, ಮಾಮ. ಕೆಳಗೆ ನನ್ನ ಹೆಸರು."

ಕುಪ್ಪಸಾಮಿ ಈಗ ಕೂತ. ಕುರ್ಚಿ ಕಿರುಗುಟ್ಟಿತು. ಅವಳು ಅವನ ಕೈಗಳನ್ನೇ ನೋಡುತ್ತಿದ್ದಳು. ಸಿಟ್ಟು ಬಂದರೆ ಅವನು ಮೇಜಿನ ಮೇಲಿದ್ದದ್ದನ್ನು ತಳ್ಳಿಬಿಡುತ್ತಿದ್ದ. ಒಮ್ಮೆ ಸಪ್ಲೈಯರ್ ಒಬ್ಬನ ಮುಂದೆ ಬಟನ್ ಡಬ್ಬಿಯನ್ನೇ ಉರುಳಿಸಿದ್ದ. ಎರಡು ದಿನ ಆಯ್ದಿದ್ದರು.

"ನಿನ್ನಮ್ಮನಿಗೆ ಗೊತ್ತಾ?"

"ಗೊತ್ತು."

"ಎಲ್ಲಾರಿಗೂ ಗೊತ್ತು. ಪ್ರಿಂಟರಿಗೂ ಗೊತ್ತು." ಅವನು ಮೂಗಿನಲ್ಲೇ ಉಸಿರುಬಿಟ್ಟ. "ಮೂರನೇ ತಾರೀಖು ಶಿಪ್‌ಮೆಂಟ್ ಇದೆ, ನೆನಪಿದೆಯಾ? ಮುಂದಿನ ತಿಂಗಳು ಸೇರಕ್ಕಾಗಲ್ವಾ?"

"ಮುಂದಿನ ತಿಂಗಳು ಅಂದ್ರೆ ಇಪ್ಪತ್ತಕ್ಕೇ ಸೇರ್ಬೇಕಂತೆ, ಮಾಮ. ಆದರೆ ಅದು ಆಡಿ."

ಹೊಸ ಮಿಷನ್ ಬಂದಾಗ ಆಡಿ ಮುಗಿಯಲಿ ಎಂದು ಒಂದು ತಿಂಗಳು ಅದನ್ನು ಗೋಣಿ ಹೊದಿಸಿ ಮೂಲೆಯಲ್ಲಿಟ್ಟವನು ಅವನೇ. ಆ ಮಿಷನ್ನಿನ ಕಡೆಗೇ ಒಮ್ಮೆ ನೋಡಿದ.

"ಆಡೀಲಿ ಸೇರಬಾರದು," ಎಂದ ಕೊನೆಗೆ, ಬೇರೆ ಯಾರಿಗೋ ಹೇಳುವಂತೆ. "ಸರಿ. ಏನೋ ಲೆಟರ್ ಕೇಳಿದ್ರಲ್ಲ. ನಾನೇನು ಬರೆಯಬೇಕು? ಆರು ವರ್ಷದ ಹಿಂದಿನ ತಾರೀಖು ಹಾಕಿ ಒಂದು ಕೆಲಸದ ಆರ್ಡರ್ ಟೈಪ್ ಮಾಡು, ಸಹಿ ಹಾಕ್ತೀನಿ. ಮೂರು ತಿಂಗಳ ಪೇ ಸ್ಲಿಪ್ಪೂ ಟೈಪ್ ಮಾಡು. ಯಾರು ಬಂದು ನೋಡ್ತಾರೆ?"

ಪ್ರೀತಿಯಿಂದಲೇ ಹೇಳಿದ್ದ. ಬೈಗುಳಕ್ಕಿಂತ ಅದು ಅವಳನ್ನು ಹೆಚ್ಚು ಹೆದರಿಸಿತು.

"ಬೇಡ, ಮಾಮ. ಸ್ಲಿಪ್ ಇಲ್ಲ ಅಂತ ಬರೆದಿದ್ದೀನಿ. ಹಿಂದಿನ ತಾರೀಖು ಹಾಕಿದ್ದು ಸಿಕ್ಕಿಬಿದ್ರೆ ನನ್ನ ಕೆಲಸದಿಂದ ತೆಗೀತಾರೆ, ನಿಮ್ಮನ್ನೂ ಕೇಳ್ತಾರೆ. ಇದ್ದದ್ದು ಇದ್ದ ಹಾಗೆ ಬರೆದು ಕೊಡಿ, ಸಾಕು. ಇಂಥ ದಿನ ಸೇರಿದಳು, ಇಂಥ ದಿನ ಬಿಟ್ಟಳು, ಈ ಕೆಲಸ ಮಾಡಿದಳು."

"ಅಷ್ಟೇನಾ? ಗುಣ ನಡತೆ ಬರೆಯೋದಿಲ್ವಾ?"

"ಬರೀಬಹುದು."

"ಒಳ್ಳೇದು ಅಂತ ಹಾಕು. ಗುಟ್ಟು ಜಾಸ್ತಿ ಅನ್ನೋದನ್ನ ಬಿಡು."

ಅವಳಿಗೆ ನಗು ಬರಲಿಲ್ಲ. ಬೆರಳು ತಪ್ಪುತ್ತ, ಅಳಿಸುತ್ತ, ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಎಂಟು ಸಾಲು ಟೈಪ್ ಮಾಡಿದಳು. ಕೊನೆಯ ದಿನ ಜೂನ್ ಇಪ್ಪತ್ತೇಳು, ಶನಿವಾರ. ಅದನ್ನೂ ಓದಿ ಹೇಳಿದಳು. ಕುಪ್ಪಸಾಮಿ ಮೇಜಿನ ಡ್ರಾ ತೆರೆದು ಸೀಲು ತೆಗೆದು, ಬಾಯಿಂದ ಹಬೆ ಊದಿ, ಒತ್ತಿದ. ನೀಲಿ ವೃತ್ತ ಸರಿಯಾಗಿ ಮೂಡಿತು. ಪೆನ್ನಿಗೆ ಮಾತ್ರ ಕೈ ಹಾಕಲಿಲ್ಲ.

"ಸಹಿ?"

"ಬಿಡೋ ದಿನದ ತಾರೀಖು ತಾನೆ ಇದೆ? ಆ ದಿನ ಹಾಕ್ತೀನಿ." ಕಾಗದವನ್ನು ಡ್ರಾದಲ್ಲಿಟ್ಟು ಬೀಗ ಹಾಕಿ, ಕೀಯನ್ನು ಜೇಬಿಗೆ ಹಾಕಿಕೊಂಡ.

ನ್ಯಾಯವಾದ ಮಾತೇ. ಬಿಡುವ ಮುಂಚೆ ಬಿಟ್ಟಳೆಂದು ಸಹಿ ಹಾಕಿಸಿಕೊಳ್ಳಲು ಅವಳಿಗೂ ಮನಸ್ಸಿರಲಿಲ್ಲ. ಆದರೂ ಆ ಜೇಬಿನಿಂದ ಕಣ್ಣು ತೆಗೆಯಲಾಗಲಿಲ್ಲ. ಇಪ್ಪತ್ತೇಳರೊಳಗೆ ಶಿಪ್‌ಮೆಂಟಿನ ಕೆಲಸ ಹಿಂದೆ ಬಿದ್ದರೆ? ಅಮ್ಮನಿಗೂ ಇವನಿಗೂ ಏನಾದರೂ ಮಾತಾದರೆ? ಅಲ್ಲಿ ತನ್ನ ಪತ್ರ ಮಾತು ಕೊಡುತ್ತದೆ, ಇಲ್ಲಿ ಆ ಮಾತು ಉಳಿಸುವ ಕಾಗದ ಬೀಗದೊಳಗಿದೆ.

ಚಲನ್ ಮುಗಿಸಿ ಕೊಡುವಷ್ಟರಲ್ಲಿ ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಫೋನಿನಲ್ಲಿ ಸ್ಕ್ಯಾನ್ ಮಾಡಿ, ಆಫರಿನ ಸಹಿ ಹಾಕಿದ ಕಾಪಿಯನ್ನೂ ಉಳಿದವನ್ನೂ ಸೇರಿಸಿದಳು. ಸರಿಯಾಗಿವೆಯೇ ಎಂದು ಎರಡೆರಡು ಸಲ ತೆರೆದು ನೋಡಿದಳು. ಕಳಿಸುವ ಗುಂಡಿಯ ಮೇಲೆ ಬೆರಳು ನಿಂತುಬಿಟ್ಟಿತು.

"ಇನ್ನೂ ಕಳಿಸಿಲ್ವಾ?" ಎಂದ ಕುಪ್ಪಸಾಮಿ.

ಒತ್ತಿದಳು. ಹತ್ತು ನಿಮಿಷಕ್ಕೆ ಎಚ್.ಆರ್. ಜಯಪ್ರಿಯಾ ಅವರೇ ಫೋನ್ ಮಾಡಿದರು. ಪತ್ರ ಬಂತು ಎಂದರು ತಮಿಳಿನಲ್ಲಿ. ಪೇ ಸ್ಲಿಪ್ ಇಲ್ಲವೆಂದು ಮೊದಲೇ ಬರೆದದ್ದು ಒಳ್ಳೆಯದಾಯಿತು, ಸರ್ವಿಸ್ ವಿವರ ರಿಲೀವಿಂಗ್ ಲೆಟರಿನಲ್ಲೇ ಇದ್ದರೆ ಸಾಕು. "ಆದರೆ ಅದು ಸೇರುವ ದಿನ ಬೆಳಿಗ್ಗೆ ಕೈಯಲ್ಲಿರಬೇಕು. ಸಹಿ, ಸೀಲು, ಎರಡೂ. ಇಲ್ಲದಿದ್ದರೆ ಸೇರಿಸಿಕೊಳ್ಳಲು ಆಗುವುದಿಲ್ಲ."

"ಸರಿ, ಮೇಡಂ," ಎಂದಳು.

ಕುಪ್ಪಸಾಮಿ ಚಲನ್ ಹಿಡಿದು ಹೊರಗೆ ಹೋದ. ಅವನು ಹೋದ ಮೇಲೂ ಅವಳು ಬೀಗ ಹಾಕಿದ ಡ್ರಾವನ್ನೇ ನೋಡುತ್ತಿದ್ದಳು. ಆಗ ಮಿಷನ್ನುಗಳ ಸದ್ದಿನ ಮೇಲೆ ಅವನ ದನಿ ಕೇಳಿತು.

"ಕನ್ನಿಯಮ್ಮಾ, ಕೇಳಿದೆಯಾ? ನಮ್ಮ ವಿನೋ ದೊಡ್ಡ ಕಂಪನಿಗೆ ಹೋಗ್ತಾಳೆ. ಇಪ್ಪತ್ತೊಂಬತ್ತಕ್ಕೆ. ಇಪ್ಪತ್ತೇಳು ಕಡೇ ದಿನ, ಅವತ್ತು ಎಲ್ಲಾರಿಗೂ ನಾನೇ ವಡೆ ಟೀ ತರಿಸ್ತೀನಿ."

ಚೆಕಿಂಗ್ ಮೇಜಿನಿಂದ ಕನ್ನಿಯಮ್ಮಾಳ್ ಕೂಗಿದಳು: "ಎಲೇ ಪಾಪಿ! ನಮ್ಗೆ ಒಂದು ಮಾತು ಹೇಳಿಲ್ವಲ್ಲೆ! ಓನರ್ರೇ, ವಡೆ ಒಬ್ಬೊಬ್ಬರಿಗೆ ಎರಡು!"

ಮಿಷನ್ನುಗಳು ಒಂದೊಂದಾಗಿ ನಿಂತವು. ಇಪ್ಪತ್ತು ಮುಖಗಳು ಆಫೀಸು ಕೋಣೆಯ ಗಾಜಿನ ಕಡೆಗೆ ತಿರುಗಿದವು. ಇಪ್ಪತ್ತು ಜನರ ಮುಂದೆ ಹೇಳಿದ ಮಾತನ್ನು ಕುಪ್ಪಸಾಮಿ ಈವರೆಗೆ ಹಿಂದೆ ತೆಗೆದುಕೊಂಡದ್ದಿಲ್ಲ. ಅದು ವಿನೋದಿನಿಗೆ ಚೆನ್ನಾಗಿ ಗೊತ್ತಿತ್ತು. ಸಹಿ ಬರುತ್ತದೆ.

ಹಾಗಾದರೆ ಹೋಗಲೇಬೇಕು. ಗೊತ್ತಿಲ್ಲದ ಹಾಸ್ಟೆಲ್ಲು, ಗೊತ್ತಿಲ್ಲದ ಮೇಜು, ಓದಿ ಹೇಳು ಎನ್ನುವವರಿಲ್ಲದ ಆಫೀಸು. ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದಳು, ಹೊರಗೆ ಹೋಗಿ ಎಲ್ಲರಿಗೂ ಮುಖ ತೋರಿಸಲು.